ಹಂಗಾಮು, ಮಣ್ಣು ಮತ್ತು ಗೊಬ್ಬರದ ಚೀಲ
(ಮಾಧವರಂ ಕನ್ನಡ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯದ ಮೇಜಿನ ಮೇಲೆ ಈಚೆಗೆ ಒಂದು ಬಗೆಯ ಪುಸ್ತಕಗಳು ಹೆಚ್ಚಾಗಿ ಕಾಣುತ್ತಿವೆ. ಅವು ಕೃಷಿ ಪದವಿಯ ಪ್ರವೇಶ ಪರೀಕ್ಷೆಗೆ ಓದುವ ಹುಡುಗರ ಪ್ರಶ್ನಾವಳಿಗಳು. ನಮ್ಮವರ ಮಕ್ಕಳಲ್ಲಿ ಕೆಲವರು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸೀಟುಗಳಿಗಾಗಿ ಓದುತ್ತಿದ್ದಾರೆ. ಆ ಪ್ರವೇಶ 2023ರಿಂದ ಸಿ.ಯು.ಇ.ಟಿ. ಎಂಬ ಅಖಿಲ ಭಾರತ ಪರೀಕ್ಷೆಯ ಮೂಲಕ ನಡೆಯುತ್ತಿದೆ. ಊರಿನಲ್ಲಿ ಜಮೀನಿದ್ದು, ಅರ್ಹತೆಯ ಷರತ್ತುಗಳು ಹೊಂದುವ ಇನ್ನು ಕೆಲವರು ಕರ್ನಾಟಕದಲ್ಲಿ ಕೃಷಿಕರ ಮಕ್ಕಳಿಗೆಂದು ಇಟ್ಟಿರುವ ಸೀಟುಗಳ ಮೇಲೆ ಕಣ್ಣಿಟ್ಟಿದ್ದಾರೆ. ಅಲ್ಲಿ ಬೀಜ, ಗೊಬ್ಬರ ಮುಂತಾದವುಗಳ ಮಾದರಿಗಳನ್ನು ಮುಂದಿಟ್ಟು ಇದೇನೆಂದು ಕೇಳುವ ಪ್ರಾಯೋಗಿಕ ಪರೀಕ್ಷೆಯೂ ಉಂಟು.

ಈ ಮಕ್ಕಳ ಕಷ್ಟ ಓದಿನ ಕಷ್ಟವಲ್ಲ. ಅವರ ತಂದೆಯೋ ಅಜ್ಜನೋ ಹೊಲ ಬಿಟ್ಟು ಇಲ್ಲಿಗೆ ಬಂದರು. ಮಕ್ಕಳು ಹುಟ್ಟಿ ಬೆಳೆದದ್ದು ಲಾರಿ ನಿಲ್ದಾಣದ ಸದ್ದಿನಲ್ಲಿ. ಪುಸ್ತಕದ ಮಾತಿಗೂ ಕಣ್ಣಿಗೆ ಕಾಣುವುದಕ್ಕೂ ಅವರಿಗೆ ತಾಳೆಯಾಗುತ್ತಿಲ್ಲ. ತಾಳೆಯಾಗದ್ದನ್ನು ಬಾಯಿಪಾಠ ಮಾಡುತ್ತಾರೆ. ಬಾಯಿಪಾಠ ಪರೀಕ್ಷೆಯ ದಿನ ಕೈಕೊಡುತ್ತದೆ. ಸಿ.ಯು.ಇ.ಟಿ.ಯಲ್ಲಿ ಸರಿಯುತ್ತರಕ್ಕೆ 5 ಅಂಕ ಬಂದರೆ ತಪ್ಪುತ್ತರಕ್ಕೆ 1 ಅಂಕ ಕಳೆಯುತ್ತಾರೆ. ಆದಕಾರಣ ಇಂದು ಹಂಗಾಮು, ಮಣ್ಣು, ಗೊಬ್ಬರ ಈ ಮೂರು ಸಂಗತಿಗಳನ್ನು ಮಾತ್ರ ತೆಗೆದುಕೊಂಡು, ಇವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಹೇಳಬೇಕೆಂದಿದ್ದೇವೆ.

ಮೊದಲು ಹಂಗಾಮು. ಕಳೆದ ವಾರ ಒಬ್ಬ ಹುಡುಗ ನಮ್ಮ ಬಳಿಗೆ ಪುಸ್ತಕ ತಂದು, "ಮಾಮ, ಖಾರಿಫ್ ಎಂದರೆ ಮಳೆಗಾಲದ ಬೆಳೆ, ಜೂನಿನಲ್ಲಿ ಬಿತ್ತನೆ ಎಂದಿದೆ. ನಮ್ಮಲ್ಲಿ ಜೂನಿನಲ್ಲಿ ಬೆವರು ಸುರಿಯುತ್ತದೆಯೇ ಹೊರತು ಮಳೆ ಎಲ್ಲಿದೆ? ಮಳೆಯೆಲ್ಲ ನವೆಂಬರಿನಲ್ಲಲ್ಲವೇ?" ಎಂದು ಕೇಳಿದ. ಹುಡುಗನ ಮಾತು ಸರಿ, ಪುಸ್ತಕವೂ ಸರಿ. ಜೂನಿನಲ್ಲಿ ನೈಋತ್ಯದಿಂದ ಬರುವ ಮುಂಗಾರು ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ತನ್ನ ನೀರಿನ ಬಹುಭಾಗವನ್ನು ಅಲ್ಲಿಯೇ ಸುರಿಸಿಬಿಡುತ್ತದೆ. ಚೆನ್ನೈ ತಲಪುವ ಹೊತ್ತಿಗೆ ಸಂಜೆಯ ಗುಡುಗು ಮಳೆಯಷ್ಟೇ ನಮ್ಮ ಪಾಲಿಗೆ ಉಳಿಯುತ್ತದೆ. ಅಕ್ಟೋಬರಿನಲ್ಲಿ ಗಾಳಿ ದಿಕ್ಕು ತಿರುಗಿಸಿ ಈಶಾನ್ಯದಿಂದ ಬೀಸತೊಡಗಿ, ಬಂಗಾಳ ಕೊಲ್ಲಿಯ ಮೇಲೆ ನೀರು ಹೊತ್ತು ತಂದು ಈ ಕರಾವಳಿಯಲ್ಲಿ ಇಳಿಸುತ್ತದೆ. ಇಲ್ಲಿ ವರ್ಷಕ್ಕೆ ಬೀಳುವ ಸುಮಾರು 1400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಬೀಳುವುದು.

ಆದರೆ ಪ್ರಶ್ನೆಪತ್ರಿಕೆ ಇಡೀ ದೇಶಕ್ಕೆ ಸೇರಿದ್ದು. ದೇಶದ ಹೆಚ್ಚಿನ ಭಾಗಕ್ಕೆ ಜೂನಿನ ಮಳೆಯೇ ಮಳೆ. ಆದ್ದರಿಂದ ಖಾರಿಫ್ ಎಂದರೆ ಜೂನ್, ಜುಲೈಯಲ್ಲಿ ಬಿತ್ತುವ ನಮ್ಮ ಮುಂಗಾರು ಬೆಳೆ. ರಬಿ ಎಂದರೆ ಅಕ್ಟೋಬರಿನ ಆಸುಪಾಸಿನಲ್ಲಿ ಬಿತ್ತುವ ಹಿಂಗಾರು ಬೆಳೆ. ಜಾಯಿದ್ ಎಂದರೆ ಇವೆರಡರ ನಡುವಿನ ಬೇಸಿಗೆ ಬೆಳೆ, ಕಲ್ಲಂಗಡಿ, ಸೌತೆಗಳ ಕಾಲ. ಇಷ್ಟನ್ನು ಎಲ್ಲ ಹುಡುಗರೂ ಹೇಳುತ್ತಾರೆ. ಅವರು ಎಡವುವುದು ಬೇರೆ ಕಡೆ. ಖಾರಿಫ್, ರಬಿ ಎಂಬವು ಅರಬ್ಬಿ ಮಾತುಗಳು. ಖಾರಿಫ್ ಎಂದರೆ ಶರತ್ಕಾಲ, ರಬಿ ಎಂದರೆ ವಸಂತ. ಅಂದರೆ ಹೆಸರು ಬಂದದ್ದು ಕೊಯ್ಲಿನ ಕಾಲದಿಂದ. ಈಗ ವಿಂಗಡಿಸುವುದಾದರೋ ಬಿತ್ತನೆಯ ಕಾಲದಿಂದ. ತೊಗರಿಯನ್ನು ನೋಡಿರಿ. ಕಲಬುರಗಿಯ ಕಡೆ ಅದನ್ನು ಜೂನ್, ಜುಲೈಯಲ್ಲಿ ಬಿತ್ತಿ ಡಿಸೆಂಬರ್, ಜನವರಿಯಲ್ಲಿ ಕೊಯ್ಯುತ್ತಾರೆ. ಚಳಿಯಲ್ಲಿ ಕೊಯ್ದರೆಂದು ಅದು ರಬಿಯಾಗುವುದಿಲ್ಲ, ಖಾರಿಫ್ ಬೆಳೆಯೇ ಸರಿ. ಕಬ್ಬು ಹೊಲದಲ್ಲಿ ಹತ್ತು ಹನ್ನೆರಡು ತಿಂಗಳು, ಕೆಲವೆಡೆ ಇನ್ನೂ ಹೆಚ್ಚು ಕಾಲ ನಿಲ್ಲುವುದರಿಂದ ಅದಕ್ಕೆ ಈ ಲೆಕ್ಕವೇ ಹೊಂದದು.

ಇನ್ನೊಂದು ತೊಡಕು ಭತ್ತದ್ದು. ನಮ್ಮ ಮಕ್ಕಳ ತಮಿಳು ಗೆಳೆಯರು ಕುರುವೈ, ಸಾಂಬಾ, ತಾಳಡಿ, ನವರೈ, ಸೊರ್ಣವಾರಿ ಎಂದು ಭತ್ತದ ಹಂಗಾಮುಗಳನ್ನು ಸಾಲಾಗಿ ಹೇಳುತ್ತಾರೆ. ಈ ತಿರುವಳ್ಳೂರು ಸೀಮೆಯಲ್ಲಿಯೇ ಡಿಸೆಂಬರ್, ಜನವರಿಯಲ್ಲಿ ಹಾಕುವ ನವರೈ, ಏಪ್ರಿಲ್, ಮೇಯಲ್ಲಿ ಹಾಕುವ ಸೊರ್ಣವಾರಿ ಎರಡೂ ನಡೆಯುತ್ತವೆ. ಭತ್ತಕ್ಕೆ ಬೇಕಾದದ್ದು ಶಾಖ ಮತ್ತು ನೀರು. ಶಾಖ ಇಲ್ಲಿ ವರ್ಷವೆಲ್ಲ ಇದೆ. ಕೆರೆಯದೋ ಬಾವಿಯದೋ ನೀರಿದ್ದರೆ ಆಯಿತು. ಪಂಜಾಬಿನಲ್ಲಿ ಡಿಸೆಂಬರಿನ ಚಳಿಗೆ ಭತ್ತ ನಿಲ್ಲದು, ಅಲ್ಲಿ ಗೋಧಿ ಬರುತ್ತದೆ. ಹೀಗಾಗಿ ಊರಿನ ಹೆಸರಿಲ್ಲದೆ 'ಭತ್ತ ಯಾವ ಹಂಗಾಮಿನ ಬೆಳೆ' ಎಂದು ಕೇಳಿದರೆ ಖಾರಿಫ್ ಎಂದು ಬರೆಯಬೇಕು. ತಮಿಳುನಾಡಿನ ನವರೈ ಎಂದು ಹೆಸರಿಟ್ಟು ಕೇಳಿದರೆ ಖಾರಿಫ್ ಎಂದು ಬರೆಯಲಾಗದು. ಪ್ರಶ್ನೆಯಲ್ಲಿ ಸ್ಥಳದ ಹೆಸರಿದೆಯೇ ಎಂದು ಮೊದಲು ನೋಡತಕ್ಕದ್ದು.

ಇನ್ನು ಮಣ್ಣು. ಇದನ್ನು ಹಂಗಾಮಿನಿಂದ ಬೇರೆ ಮಾಡಿ ಓದುವುದೇ ಹುಡುಗರ ದೊಡ್ಡ ತಪ್ಪು ಎಂದು ನಮ್ಮ ಅಭಿಪ್ರಾಯ. ವಿಜಯಪುರದ ಎರೆ ಹೊಲವನ್ನು ನೆನೆಸಿಕೊಳ್ಳಿರಿ. ಅಲ್ಲಿ ಮಳೆ ಕಡಿಮೆ, ಬೀಳುವುದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರಿನ ಸುತ್ತಮುತ್ತ. ಆ ಮಳೆ ಮುಗಿಯುವ ಹೊತ್ತಿಗೆ ರೈತ ಹಿಂಗಾರಿ ಜೋಳ ಬಿತ್ತುತ್ತಾನೆ. ಮುಂದೆ ಕೊಯ್ಲಿನವರೆಗೆ ಹೇಳಿಕೊಳ್ಳುವಂಥ ಮಳೆ ಬರುವುದು ಅಪರೂಪ. ಆದರೂ ಫೆಬ್ರವರಿಗೆ ತೆನೆ ಬರುತ್ತದೆ. ನೀರು ಎಲ್ಲಿಂದ ಬಂತು? ಮಣ್ಣಿನಿಂದಲೇ. ಕಪ್ಪು ಮಣ್ಣಿನ ಜೇಡಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜಾತಿಯದು. ಅದರ ಪದರಗಳ ನಡುವೆ ನೀರು ಹೊಕ್ಕಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಒಂದು ಮೀಟರ್ ಆಳದ ಇಂಥ ಮಣ್ಣು, ಪೈರು ಹೀರಬಲ್ಲ ನೀರನ್ನು ಸುಮಾರು 150ರಿಂದ 200 ಮಿಲಿಮೀಟರ್ ಮಳೆಯಷ್ಟು ಹಿಡಿದಿಡಬಲ್ಲದು. ಜೋಳ, ಕಡಲೆ, ಕುಸುಬೆಗಳು ಅಲ್ಲಿ ಈ ಉಳಿತಾಯದ ಮೇಲೆಯೇ ಬದುಕುವುದು.

ಬೇಸಿಗೆಯಲ್ಲಿ ಈ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ಬಿಡುವುದನ್ನು ಆ ಕಡೆಯವರೆಲ್ಲ ಕಂಡಿದ್ದೀರಿ. ಮೇಲಿನ ಸಣ್ಣ ಹೆಂಟೆಗಳು ಆ ಬಿರುಕಿನೊಳಗೆ ಬೀಳುತ್ತವೆ, ಮಳೆ ಬಂದಾಗ ಬಿರುಕು ಮುಚ್ಚುತ್ತದೆ. ಹೀಗೆ ಮೇಲಿನ ಮಣ್ಣು ಕೆಳಗೆ ಹೋಗುವುದರಿಂದ 'ತನ್ನನ್ನು ತಾನೇ ಉಳುವ ಮಣ್ಣು ಯಾವುದು' ಎಂಬ ಪ್ರಶ್ನೆ ಹುಟ್ಟಿದೆ. ಉತ್ತರ ಕಪ್ಪು ಮಣ್ಣು. ಇನ್ನೊಂದು ಪ್ರಶ್ನೆ ಇದಕ್ಕಿಂತ ಮೋಸದ್ದು: ಕಪ್ಪು ಮಣ್ಣಿನಲ್ಲಿ ಯಾವುದು ಕಡಿಮೆ? ಕಪ್ಪಾಗಿದೆಯೆಂದ ಮೇಲೆ ಕೊಳೆತ ಸಸ್ಯಾಂಶ ತುಂಬಿರಬೇಕೆಂದು ಹುಡುಗರು ಊಹಿಸುತ್ತಾರೆ. ಹಾಗಲ್ಲ. ನಮ್ಮ ದಖ್ಖನಿನ ಕಪ್ಪು ಮಣ್ಣಿನಲ್ಲಿ ಸುಣ್ಣ, ಪೊಟ್ಯಾಷ್ ಚೆನ್ನಾಗಿರುತ್ತವೆ. ಸಾರಜನಕ, ರಂಜಕ, ಸಸ್ಯಾಂಶ ಕಡಿಮೆ.

ಈಗ ಕೋಲಾರ, ತುಮಕೂರಿನ ಕೆಂಪು ಮಣ್ಣಿಗೆ ಬನ್ನಿರಿ. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು, ಎಂದರೆ ತುಕ್ಕಿನ ಬಣ್ಣವೇ. ಮರಳಿನಂಶ ಹೆಚ್ಚು, ಜೇಡಿ ಬೇರೆ ಜಾತಿಯದು, ಆಳವೂ ಹಲವೆಡೆ ಕಡಿಮೆ. ನೀರು ಬೇಗ ಇಳಿದುಹೋಗುತ್ತದೆ. ಇಲ್ಲಿ ಅಕ್ಟೋಬರಿನಲ್ಲಿ ಒಣ ಬೇಸಾಯದ ಬೆಳೆ ಬಿತ್ತಿ ಮಳೆಯಿಲ್ಲದೆ ಫೆಬ್ರವರಿಗೆ ತೆನೆ ಕಾಣುತ್ತೇನೆಂದರೆ ಆಗದು. ಆದ್ದರಿಂದಲೇ ಅಲ್ಲಿನ ರಾಗಿ ಮಳೆ ಬೀಳುವ ತಿಂಗಳುಗಳಲ್ಲೇ ಬೆಳೆದು ಮುಗಿಯಬೇಕು. ಮುಂಗಾರು ರಾಗಿ, ಹಿಂಗಾರಿ ಜೋಳ ಎಂಬ ಎರಡು ಮಾತುಗಳ ಹಿಂದೆ ಎರಡು ಮಣ್ಣುಗಳ ನೀರಿನ ಲೆಕ್ಕವಿದೆ. ಇದನ್ನು ತಿಳಿದವನು ಪಟ್ಟಿಯನ್ನು ಉರುಹೊಡೆಯಬೇಕಾಗಿಲ್ಲ.

ಮೂರನೆಯದು ಜಂಬಿಟ್ಟಿಗೆ ಮಣ್ಣು. ಇದೂ ಕೆಂಪೇ ಆದ್ದರಿಂದ ಹುಡುಗರು ಕೆಂಪು ಮಣ್ಣಿನೊಡನೆ ಕಲಸುತ್ತಾರೆ. ಕರಾವಳಿ, ಮಲೆನಾಡುಗಳ ಜಡಿಮಳೆಯಲ್ಲಿ ಸುಣ್ಣ, ಪೊಟ್ಯಾಷ್ ಮೊದಲಾದವು ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಮ್ಮುಗಳು ಉಳಿದು ಇದು ಆದದ್ದು. ಹುಳಿ ಮಣ್ಣು, ಸುಣ್ಣ ಕೊಡದೆ ಹಲವು ಬೆಳೆ ಏಳವು. ಮಂಗಳೂರಿನ ಕಡೆಯವರು ಇದನ್ನೇ ಕಲ್ಲಾಗಿ ಕಡಿದು ಗೋಡೆ ಕಟ್ಟುತ್ತಾರಷ್ಟೆ. ಬುಕಾನನ್ ಎಂಬ ಸ್ಕಾಟಿಷ್ ಅಧಿಕಾರಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಪ್ರವಾಸದಲ್ಲಿ ಇದನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನಿನಲ್ಲಿ ಲೇಟರ್ ಎಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆ ಎಂಬ ಮಾತಿನಲ್ಲಿಯೂ ಇಟ್ಟಿಗೆಯೇ ಇರುವುದನ್ನು ಮಕ್ಕಳಿಗೆ ತೋರಿಸಿದರೆ ಮರೆಯಲಾರರು.

ಒಂದು ಎಚ್ಚರಿಕೆ ಹೇಳಬೇಕು. ಮಣ್ಣು ನೋಡಿ ಕಲಿಯಿರಿ ಎಂದ ಮಾತ್ರಕ್ಕೆ ಮಕ್ಕಳು ಮನೆಯ ಮುಂದಿನ ಮಣ್ಣನ್ನು ಕೆದಕಿ, ಇದು ಮಾಧವರಂ ಮಣ್ಣು ಎಂದುಕೊಳ್ಳಬಾರದು. ಹೊಸ ಬಡಾವಣೆಗಳಲ್ಲಿ ನಮ್ಮ ಕಾಲ ಕೆಳಗಿರುವುದು ಬಹುಮಟ್ಟಿಗೆ ತಗ್ಗು ತುಂಬಲು ಲಾರಿಯಲ್ಲಿ ತಂದು ಸುರಿದ ಮಣ್ಣು. ಅದರಲ್ಲಿ ಇಟ್ಟಿಗೆ ಚೂರೂ ಇರುತ್ತದೆ, ಗಾರೆಯೂ ಇರುತ್ತದೆ. ಗಾರೆಯ ಸುಣ್ಣ ಬೆರೆತ ಮಣ್ಣನ್ನು ಪರೀಕ್ಷೆ ಮಾಡಿದರೆ ಕ್ಷಾರವೆಂದೇ ತೋರಿಸುವುದು. ಶಾಲೆಯಲ್ಲಿ ಸೆಮ್ಮಣ್, ಕರಿಸಲ್ ಮಣ್, ವಂಡಲ್ ಮಣ್ ಎಂದು ಕಲಿತದ್ದು ಕ್ರಮವಾಗಿ ನಮ್ಮ ಕೆಂಪು ಮಣ್ಣು, ಕಪ್ಪು ಮಣ್ಣು, ಮೆಕ್ಕಲು ಮಣ್ಣು ಎಂದು ಮಕ್ಕಳು ಗುರುತು ಮಾಡಿಕೊಂಡರೆ ಎರಡು ಭಾಷೆಯ ಗೊಂದಲವೂ ತೀರುತ್ತದೆ.

ಇನ್ನು ಗೊಬ್ಬರದ ಮಾತು. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಪಕ್ಕದ ಮಣಲಿಯಲ್ಲಿ ಮದ್ರಾಸ್ ಫರ್ಟಿಲೈಜರ್ಸ್ ಕಾರ್ಖಾನೆ ಇದೆ. ಆ ಕಂಪನಿ ಆರಂಭವಾದದ್ದು 1966ರಲ್ಲಿ. ಅದರ 'ವಿಜಯ್' ಗುರುತಿನ ಚೀಲಗಳನ್ನು ಲಾರಿ ಕೆಲಸದ ಗೆಳೆಯರು ಬಲ್ಲರು. 17-17-17 ಎಂಬ ಅಂಕಿಯನ್ನೂ ಕಂಡಿರಬಹುದು. ಈ ಮೂರು ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್ ಈ ಕ್ರಮದಲ್ಲಿ ನೂರು ಕಿಲೋದಲ್ಲಿ ಎಷ್ಟೆಷ್ಟು ಎಂದು ಹೇಳುತ್ತವೆ. ಕ್ರಮ ಎಂದೂ ಬದಲಾಗುವುದಿಲ್ಲ. ಯೂರಿಯಾದಲ್ಲಿ ಸಾರಜನಕವೊಂದೇ, ನೂರಕ್ಕೆ 46. ಡಿ.ಎ.ಪಿ.ಯಲ್ಲಿ ಸಾರಜನಕ 18, ರಂಜಕ 46. ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿ ಪೊಟ್ಯಾಷ್ 60.

ಇಲ್ಲೊಂದು ಗುಂಡಿ ಇದೆ, ಜಾಣ ಹುಡುಗರೂ ಬೀಳುತ್ತಾರೆ. ಚೀಲದ ಮೇಲಿನ ರಂಜಕವೆಂದರೆ ರಂಜಕ ಧಾತುವಲ್ಲ, P2O5 ಎಂಬ ಆಕ್ಸೈಡಿನ ರೂಪದ ಲೆಕ್ಕ. ಪೊಟ್ಯಾಷ್ ಎಂದರೂ K2O ರೂಪದ ಲೆಕ್ಕ. ಹಿಂದಿನ ರಸಾಯನಶಾಸ್ತ್ರಜ್ಞರು ಮಾಡಿಟ್ಟ ರೂಢಿ ಇಂದಿಗೂ ನಡೆದುಬಂದಿದೆ. P2O5ನಲ್ಲಿ ನಿಜವಾದ ರಂಜಕ ನೂರಕ್ಕೆ ಸುಮಾರು 44. K2Oನಲ್ಲಿ ಪೊಟ್ಯಾಸಿಯಂ ಸುಮಾರು 83. ಆದ್ದರಿಂದ ನೂರು ಕಿಲೋ ಡಿ.ಎ.ಪಿ.ಯಲ್ಲಿ P2O5 ಎಷ್ಟು ಎಂದರೆ 46 ಕಿಲೋ. ರಂಜಕ ಧಾತು ಎಷ್ಟು ಎಂದರೆ ಸುಮಾರು 20 ಕಿಲೋ. ಎರಡೂ ಉತ್ತರಗಳು ಪಕ್ಕಪಕ್ಕದಲ್ಲಿ ಅಚ್ಚಾಗಿರುತ್ತವೆ. ಪ್ರಶ್ನೆಯ ಮಾತನ್ನು ಓದದೆ ಕೈ ಇಟ್ಟವನು ಅಂಕ ಕಳೆದುಕೊಳ್ಳುತ್ತಾನೆ.

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಒಂದು ಹೆಕ್ಟೇರ್ ನೀರಾವರಿ ರಾಗಿಗೆ ಸಾರಜನಕ 100, P2O5 50, K2O 50 ಕಿಲೋ ಕೊಡಬೇಕು, ಕೈಯಲ್ಲಿರುವುದು ಡಿ.ಎ.ಪಿ., ಯೂರಿಯಾ, ಮ್ಯೂರಿಯೇಟ್; ಎಷ್ಟೆಷ್ಟು ಬೇಕು? ಹುಡುಗರು ಮೊದಲ ಅಂಕಿ ಸಾರಜನಕವೆಂದು ಯೂರಿಯಾದಿಂದ ಶುರುಮಾಡುತ್ತಾರೆ. 100ಕ್ಕೆ ಯೂರಿಯಾ 217 ಕಿಲೋ ಆಯಿತು. ಆಮೇಲೆ ರಂಜಕಕ್ಕೆಂದು 109 ಕಿಲೋ ಡಿ.ಎ.ಪಿ. ಹಾಕುತ್ತಾರೆ. ಆದರೆ ಆ ಡಿ.ಎ.ಪಿ.ಯೊಳಗೇ ಸುಮಾರು 20 ಕಿಲೋ ಸಾರಜನಕವಿದೆಯಲ್ಲ! ಬೆಳೆಗೆ 100ರ ಬದಲು 120 ಹೋಯಿತು. ಸಾರಜನಕ ಹೆಚ್ಚಾದರೆ ಸೊಪ್ಪು ಸೊಂಪಾಗಿ ಬೆಳೆದು ಪೈರು ಅಡ್ಡ ಬೀಳುವುದುಂಟು.

ಆದಕಾರಣ ಎರಡು ಪೋಷಕಗಳಿರುವ ಗೊಬ್ಬರವನ್ನು ಮೊದಲು ಹಿಡಿಯಬೇಕು. ರಂಜಕ 50 ಕಿಲೋ ಬೇಕು. 50ನ್ನು 46ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಡಿ.ಎ.ಪಿ. ಸುಮಾರು 109 ಕಿಲೋ. ಅದರಿಂದ ಬಂದ ಸಾರಜನಕ 19.6 ಕಿಲೋ. ಉಳಿದದ್ದು 80.4 ಕಿಲೋ, ಅದಕ್ಕೆ ಯೂರಿಯಾ 175 ಕಿಲೋ. ಪೊಟ್ಯಾಷ್ 50ಕ್ಕೆ ಮ್ಯೂರಿಯೇಟ್ 83 ಕಿಲೋ. ಎಕರೆಗೆ ಎಂದು ಕೇಳಿದ್ದರೆ ಎಲ್ಲವನ್ನೂ 2.47ರಿಂದ ಭಾಗಿಸಿದರಾಯಿತು: ಡಿ.ಎ.ಪಿ. 44, ಯೂರಿಯಾ 71, ಮ್ಯೂರಿಯೇಟ್ 34 ಕಿಲೋ. ಇದೇ ಬೆಳೆಗೆ ಮಣಲಿಯ 17-17-17 ಕೊಟ್ಟರೆ? ಹೆಕ್ಟೇರಿಗೆ 294 ಕಿಲೋ ಹಾಕಿದರೆ ಮೂರೂ ಐವತ್ತೈವತ್ತು ಬಂದವು. ಉಳಿದ 50 ಸಾರಜನಕಕ್ಕೆ ಯೂರಿಯಾ 109 ಕಿಲೋ.

ಚೀಲಗಳ ಲೆಕ್ಕದಲ್ಲಿ ಹಳೆಯ ಪುಸ್ತಕಗಳನ್ನು ನಂಬಬೇಡಿರಿ. ಯೂರಿಯಾ ಚೀಲ ಹಿಂದೆ 50 ಕಿಲೋ ಇತ್ತು. 2018ರಿಂದ 45 ಕಿಲೋ. ನಮ್ಮ ಕಪಾಟಿನಲ್ಲಿರುವ ಹಳೆಯ ಪ್ರಶ್ನಾವಳಿಯೊಂದರಲ್ಲಿ ಒಂದು ಚೀಲ ಯೂರಿಯಾಕ್ಕೆ 23 ಕಿಲೋ ಸಾರಜನಕ ಎಂದು ಅಚ್ಚಾಗಿದೆ. ಅದು 50 ಕಿಲೋ ಚೀಲದ ಲೆಕ್ಕ. ಈಗಿನ ಚೀಲದಲ್ಲಿ 20.7 ಕಿಲೋ. ಮೇಲಿನ 175 ಕಿಲೋ ಯೂರಿಯಾ ಹಳೆಯ ಲೆಕ್ಕದಲ್ಲಿ ಮೂರೂವರೆ ಚೀಲ, ಈಗ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಊರಿನಲ್ಲಿರುವ ಅಣ್ಣತಮ್ಮಂದಿರಿಗೂ ಇದನ್ನು ಹೇಳುವುದು ಒಳ್ಳೆಯದು. ಹಳೆಯ ಅಭ್ಯಾಸದಂತೆ ಮೂರೂವರೆ ಚೀಲ ಎರಚಿದವನ ಹೊಲಕ್ಕೆ ಏಳೆಂಟು ಕಿಲೋ ಸಾರಜನಕ ಕಡಿಮೆ ಬೀಳುತ್ತದೆ.

ಕಡಿಮೆ ಬಿದ್ದರೆ ಗೊತ್ತಾಗುವುದು ಹೇಗೆ? ಇದೂ ಪರೀಕ್ಷೆಯಲ್ಲಿ ಬರುವ ಪ್ರಶ್ನೆ. ಸಾರಜನಕ ಗಿಡದೊಳಗೆ ಓಡಾಡಬಲ್ಲದು. ಕೊರತೆಯಾದಾಗ ಗಿಡ ಹಳೆಯ ಎಲೆಗಳಿಂದ ಅದನ್ನು ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ. ಆದ್ದರಿಂದ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣ ಹಾಗೆ ಓಡಾಡದು. ಅದರ ಕೊರತೆಯಲ್ಲಿ ಮೇಲಿನ ಎಳೆ ಎಲೆಯೇ ಬಿಳಚಿಕೊಂಡು ನರಗಳು ಮಾತ್ರ ಹಸಿರಾಗಿ ನಿಲ್ಲುತ್ತವೆ. ಹಳದಿ ಎಲೆಯ ಚಿತ್ರ ಕೊಟ್ಟರೆ ಬಣ್ಣಕ್ಕಿಂತ ಮೊದಲು ಅದು ಗಿಡದ ಮೇಲಿನ ಎಲೆಯೋ ಕೆಳಗಿನದೋ ಎಂದು ನೋಡಿರಿ.

ಇನ್ನು ಮೇಜಿನ ಮೇಲಿಟ್ಟ ಗೊಬ್ಬರವನ್ನು ಗುರುತಿಸುವುದು. ಯೂರಿಯಾ ಸಬ್ಬಕ್ಕಿಯಂಥ ಸಣ್ಣ ಗುಂಡು ಕಾಳು. ಲೋಟದ ನೀರಿಗೆ ಒಂದು ಹಿಡಿ ಹಾಕಿ ಕಲಕಿದರೆ ಕರಗಿ ನೀರು ತಣ್ಣಗಾಗುತ್ತದೆ. ಮ್ಯೂರಿಯೇಟ್ ಕಲ್ಲುಪ್ಪಿನ ಹರಳಿನಂತೆ, ಬಿಳಿಯದೂ ಉಂಟು, ಇಟ್ಟಿಗೆ ಬಣ್ಣದ್ದೂ ಉಂಟು. ಕಷ್ಟವಿರುವುದು ಡಿ.ಎ.ಪಿ. ಮತ್ತು ಸೂಪರ್ ಫಾಸ್ಫೇಟಿನ ಕಾಳುಗಳನ್ನು ಬೇರೆ ಮಾಡುವುದರಲ್ಲಿ. ಬಣ್ಣವನ್ನು ನಂಬಿದರೆ ಕೆಟ್ಟಿರಿ. ಮೋಸಗಾರ ವ್ಯಾಪಾರಿಗಳು ಅಗ್ಗದ ಸೂಪರ್ ಫಾಸ್ಫೇಟ್ ಕಾಳನ್ನು ಡಿ.ಎ.ಪಿ. ಚೀಲಕ್ಕೆ ತುಂಬಿ ಮಾರುವುದೂ ಇದೇ ಹೋಲಿಕೆಯಿಂದ. ಸೂಪರ್ ಕಾಳು ಉಗುರಿನ ಒತ್ತಿಗೆ ಪುಡಿಯಾಗುತ್ತದೆ, ಡಿ.ಎ.ಪಿ. ಅಷ್ಟು ಸುಲಭವಾಗಿ ಒಡೆಯದು. ಅನುಮಾನ ಉಳಿದರೆ ನಾಲ್ಕು ಕಾಳನ್ನು ಅಂಗೈಯಲ್ಲಿಟ್ಟು ಎಲೆ ಅಡಿಕೆಯ ಸುಣ್ಣ ಸ್ವಲ್ಪ ಸೇರಿಸಿ ಹೊಗೆಸೊಪ್ಪು ತಿಕ್ಕುವ ಹಾಗೆ ತಿಕ್ಕಿರಿ. ಡಿ.ಎ.ಪಿ.ಯಲ್ಲಿ ಅಮೋನಿಯಾ ಇರುವುದರಿಂದ ಸುಣ್ಣ ತಗುಲಿದೊಡನೆ ಮೂಗಿಗೆ ಚುರ್ರೆನ್ನುವ ವಾಸನೆ ಏಳುತ್ತದೆ. ಸೂಪರ್ ಫಾಸ್ಫೇಟಿನಲ್ಲಿ ಸಾರಜನಕವೇ ಇಲ್ಲದ್ದರಿಂದ ವಾಸನೆ ಬಾರದು. (ಎಲೆ ಅಡಿಕೆ ಚೀಲ ಇಟ್ಟುಕೊಂಡ ನಮ್ಮ ಹಿರಿಯರು ವಾಚನಾಲಯದಲ್ಲಿ ಇಷ್ಟುಮಂದಿ ಇರುವಾಗ ಸುಣ್ಣಕ್ಕೆ ಕೊರತೆಯಿಲ್ಲ.) ಆಮೇಲೆ ಕೈ ಚೆನ್ನಾಗಿ ತೊಳೆದುಕೊಳ್ಳತಕ್ಕದ್ದು, ಕಣ್ಣಿನ ಹತ್ತಿರ ಒಯ್ಯಬಾರದು.

ಮುಂದಿನ ಭಾನುವಾರ ಸಂಜೆ ಈ ಮೂರು ಗೊಬ್ಬರಗಳ ಜೊತೆ ಸೂಪರ್ ಫಾಸ್ಫೇಟನ್ನೂ ಸಣ್ಣ ಬಾಟಲಿಗಳಲ್ಲಿ ತಂದು ಹೆಸರು ಬರೆಯದೆ ಮೇಜಿನ ಮೇಲಿಡುತ್ತೇವೆ. ಮಕ್ಕಳು ಬಂದು ಗುರುತಿಸಲಿ. ರಜೆಯಲ್ಲಿ ಊರಿಗೆ ಹೋಗುವವರಲ್ಲಿ ಒಂದು ಕೋರಿಕೆ: ನಿಮ್ಮ ಹೊಲದ ಮಣ್ಣನ್ನು ಮೇಲಿನ ಕಸ ಸರಿಸಿ, ಒಂದು ಗೇಣು ಆಳದವರೆಗೆ ತೆಗೆದು, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟು ಬಟ್ಟೆಯ ಗಂಟಿನಲ್ಲಿ ತನ್ನಿರಿ. ಊರಿನ ಹೆಸರು, ಅಲ್ಲಿ ಏನು ಬೆಳೆಯುವಿರಿ, ಯಾವ ತಿಂಗಳು ಬಿತ್ತುವಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಗಂಟಿನೊಳಗೆ ಹಾಕಿರಿ. ಗೊಬ್ಬರ ಹಾಕಿದ ಹೊಸದರಲ್ಲಿ, ಬದುವಿನ ಮೇಲೆ, ತಿಪ್ಪೆಯ ಹತ್ತಿರ ತೆಗೆದ ಮಣ್ಣು ಬೇಡ. ವಿಜಯಪುರದ ಗಂಟು ಒಂದು, ಕೋಲಾರದ್ದು ಒಂದು, ಉಡುಪಿಯ ಕಡೆಯದು ಒಂದು ಬಂದರೆ ಸದ್ಯಕ್ಕೆ ಸಾಕು. ಕಿಟಕಿಯ ಪಕ್ಕದ ಕೆಳಗಿನ ಖಾನೆಯನ್ನು ಅದಕ್ಕೆಂದು ಖಾಲಿ ಮಾಡಿಸಿದ್ದೇವೆ.